ಬರ್ತೀನಿ ಅಂದ್ರೆ ಹೋಗ್ತೀನಿ ಅಂತ

ಹೋದ ವರ್ಷ ನವೆಂಬರ್ 1ಕ್ಕೆ ಇನ್ನೂ ಎರಡು ವಾರ ಇರೋವಾಗ ನಮ್ಮ ಅಪಾರ್ಟ್‌ಮೆಂಟ್ ಸೆಕ್ರೆಟರಿ ಲಿಫ್ಟಲ್ಲಿ ಸಿಕ್ಕಿ, ಸಾರ್ ಈ ಸಲ ರಾಜ್ಯೋತ್ಸವಕ್ಕೆ ಬರೀ ಬಾವುಟ, ಮೈಸೂರು ಪಾಕ್ ಬೇಡ, ಹೊರಗಿನಿಂದ ಬಂದವರಿಗೆ ದಿನಾ ಬೇಕಾಗೋ ಹತ್ತು ಮಾತು ಕನ್ನಡದಲ್ಲಿ ಕಲಿಸೋಣ, ಒಂದು ಪ್ರಿಂಟ್‌ಔಟ್ ತೆಗೆದು ನೋಟೀಸ್ ಬೋರ್ಡಿಗೆ ಅಂಟಿಸ್ತೀವಿ, ನೀವು ಒಂಚೂರು ಚೆಕ್ ಮಾಡ್ಕೊಡಿ ಅಂದ್ರು. ಇದೇನು ಮಹಾ, ಹತ್ತು ನಿಮಿಷದ ಕೆಲಸ ಅಂತ ಒಪ್ಕೊಂಡೆ. ಅಲ್ಲೇ ನಾನು ಕೆಟ್ಟಿದ್ದು.

ರಾತ್ರಿ ವಾಟ್ಸಾಪಲ್ಲಿ ಲಿಸ್ಟ್ ಬಂತು. ಯಾರೋ ಆಗ್ಲೇ ಉತ್ಸಾಹದಲ್ಲಿ ಕನ್ನಡನೂ ಬರ್ದುಬಿಟ್ಟಿದ್ರು. ಮೊದಲನೇದು ಹೌ ಡು ಯು ಡು, ಅದರ ಮುಂದೆ "ನೀವು ಹೇಗೆ ಮಾಡುತ್ತೀರಿ?" ಏನನ್ನ ಸ್ವಾಮಿ? ಉಪ್ಪಿಟ್ಟನ್ನಾ? ಕೊನೇದು ಟೇಕ್ ಕೇರ್, ಅದರ ಮುಂದೆ "ಕಾಳಜಿ ತೆಗೆದುಕೊಳ್ಳಿ", ಮೆಡಿಕಲ್ ಶಾಪಲ್ಲಿ ಕೌಂಟರ್ ಮೇಲಿಟ್ಟು ಊಟಕ್ಕೆ ಮುಂಚೆ ಎರಡು ತಗೊಳ್ಳಿ ಅಂದ ಹಾಗೆ. ಮಧ್ಯದಲ್ಲಿ ಶುಭೋದಯ, ಶುಭರಾತ್ರಿ ಎಲ್ಲ ಇತ್ತು. ನಾನು ಹುಟ್ಟಿದಾಗಿನಿಂದ ಬಾಯಿಬಿಟ್ಟು ಶುಭೋದಯ ಅಂದವರನ್ನ ಸ್ಟೇಜ್ ಮೇಲೆ ಬಿಟ್ರೆ ಎಲ್ಲೂ ನೋಡಿಲ್ಲ, ಅದೇನಿದ್ರೂ ಗುಲಾಬಿ ಹೂವಿನ ಫೋಟೋ ಮೇಲೆ ಬರ್ದು ಬೆಳಗ್ಗೆ ಐದೂವರೆಗೆ ಫ್ಯಾಮಿಲಿ ಗ್ರೂಪಿಗೆ ಹಾಕೋಕೆ ಇರೋ ಪದ.

ಸರಿ, ಹೌ ಡು ಯು ಡು ತೆಗೆದು ಏನು ಬರೀಲಿ? ಯೋಚನೆ ಮಾಡಿದ್ರೆ ಇಂಗ್ಲಿಷಲ್ಲೂ ಅದು ನಿಜವಾದ ಪ್ರಶ್ನೆ ಅಲ್ಲ, ಹಳೇ ಕಾಲದ ಇಂಗ್ಲಿಷರು ಹೌ ಡು ಯು ಡು ಅಂದ್ರೆ ಎದುರಿನವರೂ ಹೌ ಡು ಯು ಡು ಅಂತಲೇ ವಾಪಸ್ ಅನ್ನೋದು, ಉತ್ತರ ಯಾರಿಗೂ ಬೇಕಿಲ್ಲ. ನಮ್ಮಲ್ಲಿ ಆ ಕೆಲಸ ಮಾಡೋದು ಊಟ ಆಯ್ತಾ. ನಾನು ಅದನ್ನೇ ಬರೆದೆ, ಖುಷಿಯಾಗಿ ಟೈಮ್ ಟೇಬಲ್ಲೂ ಹಾಕ್ದೆ: ಬೆಳಗ್ಗೆ ಹನ್ನೊಂದರ ತನಕ ತಿಂಡಿ ಆಯ್ತಾ, ಹನ್ನೆರಡರ ಮೇಲೆ ಊಟ ಆಯ್ತಾ, ಸಂಜೆ ಕಾಫಿ ಆಯ್ತಾ, ರಾತ್ರಿ ಎಂಟಾದ್ಮೇಲೆ ಮತ್ತೆ ಊಟಕ್ಕೆ ವಾಪಸ್.

ಮೂರನೇ ಮಹಡಿಯಲ್ಲಿ ಲಕ್ನೋದವರು ಒಬ್ರಿದಾರೆ, ತುಂಬಾ ಶ್ರದ್ಧೆ ಇರೋ ಮನುಷ್ಯ. ಬೋರ್ಡಿಗೆ ಹಾಳೆ ಅಂಟಿಸಿದ ಮಾರನೇ ದಿನ ಮಧ್ಯಾಹ್ನ ಮೂರೂವರೆಗೆ ಗೇಟಲ್ಲಿ ವಾಚ್‌ಮನ್‌ಗೆ "ಊಟ ಆಯ್ತಾ?" ಅಂದಿದಾರೆ. ನಮ್ಮ ವಾಚ್‌ಮನ್ ಮಾಲೂರಿನ ಕಡೆಯವನು, ಅವತ್ತು ಅವನ ಡಬ್ಬಿ ಬಂದಿರ್ಲಿಲ್ಲ, ಪಾಪ ಅವನು "ಇಲ್ಲ ಸಾರ್" ಅಂತ ಇದ್ದದ್ದು ಇದ್ದ ಹಾಗೆ ಹೇಳಿದಾನೆ. ಹಾಳೇಲಿ ಅದಕ್ಕೆ ಮುಂದಿನ ಲೈನ್ ಇರ್ಲಿಲ್ಲವಲ್ಲ! ಇವರು ಎರಡು ನಿಮಿಷ ನಿಂತು, ಮೇಲೆ ಹೋಗಿ, ಒಂದು ಪ್ಲೇಟ್ ತುಂಬ ಪುಲಾವ್ ತಂದುಕೊಟ್ಟಿದಾರೆ. ಒಳ್ಳೇದೇ ಆಯ್ತು ಬಿಡಿ. ಆದ್ರೆ ವಾಚ್‌ಮನ್ ಮಾರನೇ ದಿನ ಮೂರೂವರೆಗೆ ಸರಿಯಾಗಿ ಅವರ ಮುಖ ನೋಡ್ಕೊಂಡು ನಿಂತಿದ್ದ.

ತಪ್ಪು ನಂದು. ಪ್ರಶ್ನೆ ಕಲಿಸಿ ಉತ್ತರ ಕಲಿಸಿರ್ಲಿಲ್ಲ. ಊಟ ಆಯ್ತಾ ಅಂದ್ರೆ ಹೊಟ್ಟೇಲಿ ಇಲಿ ಓಡ್ತಿದ್ರೂ "ಆಯ್ತು, ನಿಮ್ದು?" ಅನ್ಬೇಕು. ಬರೀ "ಇಲ್ಲ" ಅಂತ ನಿಲ್ಲಿಸಿಬಿಟ್ರೆ ಕೇಳಿದವರಿಗೆ ಬನ್ನಿ ಊಟ ಮಾಡಿ ಅನ್ನದೆ ಬೇರೆ ದಾರಿ ಇಲ್ಲ. ಸುಳ್ಳು ಹೇಳೋಕೆ ಮನಸ್ಸಿಲ್ಲದವರು "ಇನ್ನೂ ಇಲ್ಲ, ಈಗ ಮನೆಗೆ ಹೋಗಿ ಮಾಡ್ಬೇಕು" ಅಂತ ಅದೇ ಉಸಿರಲ್ಲಿ ಹೇಳಿಬಿಡ್ತಾರೆ, ಎದುರಿನವರು ಬಚಾವ್. ಈ ಎರಡನೇ ಅರ್ಧ ಇದೆಯಲ್ಲ, ಅದನ್ನ ನಮಗೆ ಯಾರೂ ಕೂರಿಸಿ ಹೇಳಿಕೊಟ್ಟಿದ್ದಲ್ಲ, ಆದ್ರೂ ಎಂಟು ವರ್ಷದ ಹುಡುಗರಿಗೂ ಗೊತ್ತಿರುತ್ತೆ.

ಟೇಕ್ ಕೇರ್‌ಗೆ ನಾನು "ಹುಷಾರು" ಅಂತ ಬರೆದಿದ್ದೆ. ನನ್ನ ಹೆಂಡತಿ ಧಾರವಾಡದವಳು, ಹಾಳೆ ನೋಡಿ ನಕ್ಕಳು. "ನಮ್ಮ ಕಡೆ ಹುಷಾರ ಅಂದ್ರ ಶಾಣ್ಯಾ ಅಂತ ಅರ್ಥ. ಮರ್ತಿರೇನು?" ಮರೆಯೋದು ಹೇಗೆ. ಮದುವೆಯಾದ ಹೊಸತು, ಇವಳಿಗೆ ಜ್ವರ, ಅತ್ತೆ ಫೋನ್ ಮಾಡಿದಾರೆ, ನಾನು ಎತ್ತಿ ನಮ್ಮ ತುಮಕೂರು ಕಡೆ ಕನ್ನಡದಲ್ಲಿ ಸಹಜವಾಗಿ "ಇವಳು ಯಾಕೋ ಸ್ವಲ್ಪ ಹುಷಾರಿಲ್ಲ ಅತ್ತೆ" ಅಂದೆ. ಆ ಕಡೆ ಸದ್ದೇ ಇಲ್ಲ. ಆಮೇಲೆ ಬಹಳ ಗಂಭೀರವಾಗಿ, "ಹಂಗ್ಯಾಕ ಅಂತೀರಿ? ಸಾಲ್ಯಾಗ ಯಾವಾಗ್ಲೂ ಫಸ್ಟ್ ಬರ್ತಿದ್ಲ್ರೀ ಅಕಿ" ಅಂದ್ರು. ಅಲ್ಲಿ ಮೈಗೆ ಸರಿಯಿಲ್ಲ ಅಂದ್ರೆ "ಆರಾಮ ಇಲ್ಲ" ಅನ್ಬೇಕಂತೆ, ಸಿಕ್ಕಿದಾಗ ಕೇಳೋದೂ "ಆರಾಮ ಅದೀರಿ?" ಅಂತ. ನಮ್ಮ ಕಡೆ ಆರಾಮಾಗಿದಾನೆ ಅಂದ್ರೆ ಕೆಲಸ ಕಾರ್ಯ ಏನೂ ಇಲ್ಲದೆ ಕಾಲು ಚಾಚ್ಕೊಂಡು ಬಿದ್ದಿದಾನೆ ಅನ್ನೋ ಅರ್ಥವೂ ಬರುತ್ತೆ, ಹಾಗಾಗಿ ನಮ್ಮ ಮಾವ "ಆರಾಮ ಅದೀರಿ?" ಅಂದಾಗೆಲ್ಲ ನಾನು ಆಫೀಸಲ್ಲಿ ಎಷ್ಟು ಕೆಲಸ ಇದೆ ಅಂತ ವಿವರಿಸೋಕೆ ಶುರು ಮಾಡ್ತಿದ್ದೆ.

ನನ್ನ ಕೇಳಿದ್ರೆ ಟೇಕ್ ಕೇರ್‌ಗೆ ಸರಿಯಾದ ಕನ್ನಡ ಒಂದು ಪದದಲ್ಲೇ ಇಲ್ಲ. ಜೋಪಾನ ಅನ್ನೋದಿದೆ, ಹಳಬರು ಈಗ್ಲೂ ಅಂತಾರೆ. ಮಿಕ್ಕವರದೆಲ್ಲ "ತಲುಪಿದ್ಮೇಲೆ ಒಂದು ಫೋನ್ ಮಾಡು". ಅತ್ತೆ ಮನೇಲಿ ಅದೇ "ಮುಟ್ಟಿದ ಮ್ಯಾಲೆ ಫೋನ್ ಹಚ್ಚು". ನಮ್ಮಮ್ಮಂಗಂತೂ ನಾನು ತುಮಕೂರಿಂದ ಎಪ್ಪತ್ತು ಕಿಲೋಮೀಟರ್ ಬಂದು ಬೆಂಗಳೂರು ಸೇರಿದ್ರೂ ಅಮೆರಿಕ ಮುಟ್ಟಿದಷ್ಟೇ ಸುದ್ದಿ ಬೇಕು.

ಈಗ ಬೈ ವಿಷಯ. ಇದು ನಿಜವಾದ ತಲೆನೋವು. "ಹೋಗ್ತೀನಿ" ಅಂತ ಬರೆಯೋ ಹಾಗಿಲ್ಲ, ಚಿಕ್ಕೋನಾಗಿದ್ದಾಗ ಸ್ಕೂಲಿಗೆ ಹೊರಡುವಾಗ "ಅಜ್ಜಿ ಹೋಗ್ತೀನಿ" ಅಂದು ತಲೆ ಮೇಲೆ ಮೊಟಕಿಸ್ಕೊಂಡಿದೀನಿ, "ಹೋಗ್ತೀನಿ ಅನ್ಬಾರ್ದು, ಬರ್ತೀನಿ ಅನ್ನು" ಅಂತ. ನಮ್ಮಲ್ಲಿ "ಅವರು ಹೋಗ್ಬಿಟ್ರು" ಅಂದ್ರೆ ಎಲ್ಲಿಗೆ ಅಂತ ಯಾರೂ ಕೇಳಲ್ಲ, ವಯಸ್ಸೆಷ್ಟಾಗಿತ್ತು ಅಂತ ಕೇಳ್ತಾರೆ. ಅದಕ್ಕೇ ಹೋಗೋದನ್ನ ಒಂಟಿಯಾಗಿ ಬಿಡದೆ ಬಾಲಕ್ಕೆ ಬರೋದನ್ನ ಕಟ್ಟಿ ಹೋಗ್ಬರ್ತೀನಿ, ಅದೂ ಉದ್ದ ಆಯ್ತು ಅಂದ್ರೆ ಹೋಗೋದನ್ನೇ ಕಿತ್ತಾಕಿ ಬರೀ ಬರ್ತೀನಿ. ಕಳಿಸೋರೂ "ಹೋಗು" ಅನ್ನೋ ಹಾಗಿಲ್ಲ, "ಹೋಗ್ಬಾ" ಅನ್ಬೇಕು. ಹೊರಟವರನ್ನ ಎಲ್ಲಿಗೆ ಅಂತಲೂ ಕೇಳೋ ಹಾಗಿಲ್ಲ, "ದೂರ ಹೊರಟ್ರಾ?" ಅನ್ಬೇಕು. ಗೊತ್ತಿಲ್ಲದೆ ಎಲ್ಲಿಗೆ ಅಂತ ಕೇಳಿ, ಅಜ್ಜಿ ಚಪ್ಪಲಿ ಬಿಟ್ಟು ವಾಪಸ್ ಬಂದು, ಕೂತು ಒಂದು ಲೋಟ ನೀರು ಕುಡಿದು, ಮತ್ತೆ ಹೊರಟು, ಅಷ್ಟರಲ್ಲಿ ಬಸ್ ತಪ್ಪಿದ್ದು ನನ್ನ ಖಾತೆಯಲ್ಲಿದೆ.

ಬರ್ತೀನಿಗೆ ಇನ್ನೂ ಬೇರೆ ಅರ್ಥಗಳೂ ಇವೆ, ಸೀರೆ ಅಂಗಡೀಲಿ ನಲವತ್ತು ಸೀರೆ ಬಿಚ್ಚಿಸಿ "ಇನ್ನೊಂದ್ಸಲ ಬರ್ತೀವಿ" ಅಂದ್ರೆ ಈ ಜನ್ಮದಲ್ಲಿ ಬರಲ್ಲ ಅಂತ.

ಆದ್ರೆ ಈ ಬರ್ತೀನಿ ಅನ್ನಬಾರದ ಒಂದು ಜಾಗ ಇದೆ, ಅದು ನಂಗೆ ಗೊತ್ತಾಗಿದ್ದು ಇಪ್ಪತ್ತಮೂರನೇ ವಯಸ್ಸಲ್ಲಿ, ಗೆಳೆಯನ ತಂದೆ ತೀರ್ಕೊಂಡಾಗ. ಹೋಗಿ ಒಂದು ಗಂಟೆ ಸುಮ್ನೆ ಕೂತಿದ್ದೆ. ಅಲ್ಲೀ ತನಕ ಎಲ್ಲ ಸರಿ ಇತ್ತು. ಎದ್ದು ಅವನ ಅಮ್ಮನ ಮುಂದೆ ಕೈ ಮುಗಿದು, ಅಭ್ಯಾಸಬಲ, "ಬರ್ತೀನಿ ಆಂಟಿ" ಅಂದೆ. ಅಷ್ಟಕ್ಕೆ ನಿಲ್ಲಿಸಿದ್ರೂ ಆಗ್ತಿತ್ತು, ಸುತ್ತ ಎಲ್ಲರೂ ನನ್ನ ಕಡೆ ತಿರುಗಿದ್ರಲ್ಲ, ಸಾಕಾಗ್ಲಿಲ್ಲವೇನೋ ಅಂದ್ಕೊಂಡು "ಮತ್ತೆ ಬರ್ತಾ ಇರ್ತೀನಿ" ಅಂತ ಸೇರಿಸಿದೆ. ಗೆಳೆಯನ ಚಿಕ್ಕಪ್ಪ ರಟ್ಟೆ ಹಿಡ್ಕೊಂಡು ಗೇಟ್ ತನಕ ಕರ್ಕೊಂಡು ಬಂದು ಮೆಲ್ಲಗೆ, "ಸಾವಿನ ಮನೇಲಿ ಬರ್ತೀನಿ ಅಂತಾರೇನಪ್ಪಾ, ಯಾರಿಗೂ ಏನೂ ಹೇಳ್ದೆ ಎದ್ದು ನಡೀಬೇಕು" ಅಂದ್ರು. ನಂಗೆ ಭೂಮಿ ಬಾಯಿ ಬಿಟ್ರೆ ಸಾಕು ಅನ್ನಿಸ್ತು. ಕ್ಷಮಿಸಿ ಅಂಕಲ್, ಗೊತ್ತಿರ್ಲಿಲ್ಲ ಅಂದೆ. ಇರ್ಲಿ ಬಿಡಪ್ಪ ಅಂದ್ರು. ಸರಿ ಅಂಕಲ್, ಬರ್ತೀನಿ ಅಂದೆ.

ಇದನ್ನೆಲ್ಲ ನೋಟೀಸ್ ಬೋರ್ಡಿನ ಒಂದು ಸಾಲಲ್ಲಿ ಹೇಗೆ ತುರುಕೋದು? ಕೊನೆಗೆ "ಬೈ: ಬರ್ತೀನಿ ಅಥವಾ ಬರ್ಲಾ?" ಅಂತಷ್ಟೇ ಬರ್ದು ಕೈ ತೊಳ್ಕೊಂಡೆ. ಲಕ್ನೋದವರಿಗೆ ಅದು ವಿಪರೀತ ಇಷ್ಟ ಆಯ್ತು, ಅದರಲ್ಲೂ "ಬರ್ಲಾ?" ಅಂತ ಹೊರಡೋಕೂ ಪರ್ಮಿಷನ್ ಕೇಳೋದು ಅವರ ಲಕ್ನೋ ಮರ್ಯಾದೆಗೆ ಸರಿಯಾಗಿ ಹೊಂದುತ್ತಂತೆ.

ಹೋದ ತಿಂಗಳು ಒಂದು ಸಂಜೆ ಮೇಂಟೆನೆನ್ಸ್ ಲೆಕ್ಕ ಮಾತಾಡೋಕೆ ನಮ್ಮ ಮನೆಗೆ ಬಂದಿದ್ರು. ಅರ್ಧ ಗಂಟೆ ಕೂತು ಎದ್ದರು, ನಾನು ಬಾಗಿಲ ತನಕ ಬಂದೆ, ಅಷ್ಟರಲ್ಲಿ ಫೋನ್. ಅಮ್ಮ. ನಾನು ಎತ್ಕೊಂಡು ಒಳಗೆ ನಡೆದೆ. ನಮ್ಮಮ್ಮನ ಫೋನ್ ಮುಗಿಯೋ ಕ್ರಮ ನಿಮ್ಮನೇಲೂ ಇರುತ್ತೆ, ವಿಷಯ ಎರಡು ನಿಮಿಷಕ್ಕೆ ಮುಗಿಯುತ್ತೆ, ಆಮೇಲೆ "ಮತ್ತೆ?" "ಮತ್ತೇನಿಲ್ಲ." "ಇನ್ನೇನ್ ಸಮಾಚಾರ?" "ಏನಿಲ್ಲಮ್ಮ." "ಸರಿ ಹಾಗಾದ್ರೆ." "ಹೂಂ." "ಇಡ್ಲಾ?" "ಇಡು." "ಅಂದಹಾಗೆ..." ಅಲ್ಲಿಂದ ಇನ್ನೊಂದು ಹತ್ತು ನಿಮಿಷ. ಈ ಅಂದಹಾಗೆ ನಡೀತಿರುವಾಗ ಬಾಗಿಲ ಕಡೆಯಿಂದ "ಬರ್ಲಾ?" ಅಂತ ದನಿ ಕೇಳ್ತು. ಯಾರೋ ಹೊಸಬರು ಬಂದ್ರು ಅಂದ್ಕೊಂಡು ನಾನು ಒಳಗಿಂದಲೇ "ಬನ್ನಿ ಬನ್ನಿ, ಕೂತ್ಕೊಳ್ಳಿ" ಅಂದೆ.

ಫೋನ್ ಇಟ್ಟು ಹಾಲಿಗೆ ಬಂದ್ರೆ ಅವರು ಶೂ ಬಿಚ್ಚಿಟ್ಟು, ಎದ್ದುಹೋದ ಅದೇ ಸೋಫಾ ಮೇಲೆ ಮಡಿಲಲ್ಲಿ ಲೆಕ್ಕದ ಪುಸ್ತಕ ಇಟ್ಕೊಂಡು ನೆಟ್ಟಗೆ ಕೂತಿದಾರೆ. ಮುಖದಲ್ಲಿ ಸ್ವಲ್ಪ ಗಾಬರಿ, ಇನ್ನೂ ಏನು ಲೆಕ್ಕ ಬಾಕಿ ಇದೆಯೋ ಅಂತ. ಅಷ್ಟರಲ್ಲಿ ಅಡುಗೆಮನೆಯಿಂದ ನನ್ನ ಹೆಂಡತಿ ಇಣುಕಿ, "ಚಾ ಆತೇನ್ರಿ?" ಅಂದಳು.

"ಇಲ್ಲ" ಅಂದ್ರು ಅವರು.