ಸತ್ಯಾಂಶ: ಆಸಿಡ್ ಹಾಕಿದ್ರೆ ಟೆರೇಸ್ ಪಾಚಿ ಮತ್ತೆ ಬರಲ್ವಾ?

ಹೀಗೊಂದು ಮೆಸೇಜ್ ಓಡಾಡ್ತಿದೆ: "ಬ್ಲೀಚಿಂಗ್ ಪೌಡರ್‌ಗೆ ಟಾಯ್ಲೆಟ್ ಆಸಿಡ್ ಮಿಕ್ಸ್ ಮಾಡಿ ಸುರೀರಿ, 5 ನಿಮಿಷದಲ್ಲಿ ಪಾಚಿ ಮಾಯ, ಮತ್ತೆ ಬರಲ್ಲ. ಎಲ್ಲರಿಗೂ ಶೇರ್ ಮಾಡಿ."

ದಯವಿಟ್ಟು ಇದನ್ನ ಮಾಡ್ಬೇಡಿ. ಇವೆರಡೂ ಸೇರಿದ್ರೆ ಕ್ಲೋರಿನ್ ಗ್ಯಾಸ್ ಬರುತ್ತೆ, ಟೆರೇಸ್ ಓಪನ್ ಇದೆ ಅಂದ್ರೂ ಬಗ್ಗಿ ಉಜ್ಜೋರ ಮೂಗಿಗೇ ಅದು ಮೊದಲು ಹೋಗೋದು.

ಬರೀ ಆಸಿಡ್ ಹಾಕಿದ್ರೆ? ನೊರೆ ಬುಸುಬುಸು ಅಂತ ಬರೋದು ನೋಡಿ ಪಾಚಿ ಸಾಯ್ತಿದೆ ಅಂದ್ಕೋತೀವಿ, ಆದ್ರೆ ಅಲ್ಲಿ ಕರಗ್ತಿರೋದು ಸಿಮೆಂಟು. ಮೇಲ್ಪದರ ಹೋಗಿ ನೆಲ ತರಿತರಿ ಆಗುತ್ತೆ, ಆ ಸಣ್ಣ ಗುಂಡಿಗಳಲ್ಲಿ ನೀರು ನಿಂತು ಮುಂದಿನ ಮಳೆಗೆ ಪಾಚಿ ಇನ್ನೂ ಜೋರಾಗಿ ಹಿಡಿಯುತ್ತೆ.

ಮಳೆ ಬಿಡುವು ಕೊಟ್ಟ ದಿನ ಮೊದ್ಲು ದಪ್ಪ ಪಾಚಿನ ಕರಣೆಯಲ್ಲೋ ಗಟ್ಟಿ ಬ್ರಶ್‌ನಲ್ಲೋ ಕೆರೆದು ತೆಗೀರಿ, ಗುಡಿಸಿದ್ದನ್ನ ನೀರು ಹೋಗೋ ಪೈಪಿಗೆ ತಳ್ಬೇಡಿ, ಬ್ಲಾಕ್ ಆಗುತ್ತೆ. ಆಮೇಲೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ 10 ಲೀಟರ್ ನೀರಿಗೆ ಸುಮಾರು 200 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ, ಗಸಿ ಕೆಳಗೆ ಕೂತ್ಮೇಲೆ ತಿಳಿ ನೀರು ಮಾತ್ರ ಹಾಕಿ, 15-20 ನಿಮಿಷ ಬಿಟ್ಟು ಉಜ್ಜಿ ತೊಳೀರಿ. ಗ್ಲೌಸ್ ಇರಲಿ, ಮಳೆನೀರು ಸಂಪ್‌ಗೆ ಹೋಗೋ ಪೈಪ್ ಮೊದಲೇ ಮುಚ್ಚಿ, ಗಿಡಗಳಿಗೆ ತಾಗಿಸ್ಬೇಡಿ.

ಕಾಂಪೌಂಡ್ ಗೋಡೆಯ ಕಪ್ಪು ಕಲೆ ಒಂದೇ ಸಲಕ್ಕೆ ಹೋಗಲ್ಲ, ಇದೇ ತಿಳಿ ನೀರನ್ನ ಕೆಳಗಿಂದ ಮೇಲಕ್ಕೆ ಹಚ್ಚಿ, ಒಣಗಿದ್ಮೇಲೆ ಇನ್ನೊಂದು ಸಲ ಮಾಡಿ.

ಮತ್ತೆ ಬರಲ್ಲ ಅನ್ನೋದಂತೂ ಸುಳ್ಳು. ಯಾವಾಗ್ಲೂ ಅದೇ ಮೂಲೇಲಿ ಬರ್ತಿದ್ರೆ ಮಳೆ ನಿಂತು ಒಂದು ಗಂಟೆ ಆದ್ಮೇಲೆ ಹೋಗಿ ನೋಡಿ, ಅಲ್ಲಿನ್ನೂ ನೀರು ನಿಂತಿದ್ರೆ ಸರಿಮಾಡ್ಬೇಕಿರೋದು ನೆಲದ ಇಳಿಜಾರು.