ಕಪ್ಪತಗುಡ್ಡ ಇಳಿಯುವಾಗ ಕಾಲಬೆರಳಿನ ಲೆಕ್ಕ

ಬಿಸಿಲು ಶುರುವಾಯ್ತು ಅಂದ್ರೆ ನಮ್ಮ ಹುಬ್ಬಳ್ಳಿ ಗೆಳೆಯರ ಗುಂಪಿನಲ್ಲಿ ಇದೇ ಮಾತು. ಗುಡ್ಡಕ್ಕೆ ಹೋಗೋಕೆ ಬೆಲ್ಟ್ ಸ್ಯಾಂಡಲ್ ಸಾಕಾ, ಶೂ ಬೇಕಾ? ನಾನು ಎರಡನ್ನೂ ವರ್ಷಗಟ್ಟಲೆ ಹಾಕಿದವನು. ನನ್ನ ಉತ್ತರ ಒಂದೇ, ಹತ್ತುವ ದಾರಿ ನೋಡಿ ನಿರ್ಧಾರ ಮಾಡಬೇಡಿ, ಇಳಿಯುವ ದಾರಿ ನೋಡಿ ಮಾಡಿ.

ಹೋದ ಮಾರ್ಚ್‌ನಲ್ಲಿ ಅಕ್ಕನ ಮಗನನ್ನು ಕರೆದುಕೊಂಡು ಗದಗ ಜಿಲ್ಲೆಯ ಕಪ್ಪತಗುಡ್ಡಕ್ಕೆ ಹೋಗಿದ್ದೆ. ಬೆಳಿಗ್ಗೆ ಆರೂವರೆಗೆ ಹತ್ತೋಕೆ ಶುರು ಮಾಡಿದೆವು. ಅವನ ಕಾಲಲ್ಲಿ ಹೊಸ ಸ್ಯಾಂಡಲ್, ಸೋಲ್ ದಪ್ಪ, ಹಿಮ್ಮಡಿಗೆ ಪಟ್ಟಿ, ಎಲ್ಲಾ ಚೆನ್ನಾಗಿತ್ತು. "ಮಾಮಾ, ಈ ಬಿಸಲಾಗ ಶೂ ಹಾಕ್ಕೊಂಡ್ರ ಕಾಲು ಬೆಂದ ಹೋಗ್ತಾವ" ಅಂದ. ಹತ್ತುವಾಗ ಅವನ ಮಾತೇ ಸರಿ ಅನ್ನಿಸಿತು. ನನ್ನ ಸಾಕ್ಸ್ ಬೆವರಿಗೆ ಒದ್ದೆ, ಒಳಗೆ ಹುಲ್ಲಿನ ಮುಳ್ಳು ಬೇರೆ ಸಿಕ್ಕಿಕೊಂಡು ಚುಚ್ಚುತ್ತಿತ್ತು. ಅವನಿಗೆ ಒಂದು ಹರಳು ಹೊಕ್ಕರೆ ಕಾಲು ಒಮ್ಮೆ ಝಾಡಿಸಿದ್ರೆ ಮುಗೀತು.

ಇಳಿಯೋಕೆ ಶುರು ಮಾಡಿದಾಗ ಕಥೆ ಬದಲಾಯಿತು. ಅಲ್ಲಿನ ಇಳಿಜಾರು ಗರಸು, ಸಡಿಲ ಕಲ್ಲು. ಬೆವರಿದ ಪಾದ ಸ್ಯಾಂಡಲ್ ಒಳಗೇ ಮುಂದೆ ಜಾರುತ್ತೆ. ಪ್ರತಿ ಹೆಜ್ಜೆಗೂ ಅವನ ಹೆಬ್ಬೆರಳು ಸೋಲಿನ ಅಂಚು ದಾಟಿ ಅರ್ಧ ಉಗುರಿನಷ್ಟು ಹೊರಗೆ ಬರುತ್ತಿತ್ತು, ನನ್ನ ಕಣ್ಣಿಗೆ ಬಿದ್ದಿತ್ತು, ನಾನೇ ನಿಲ್ಲಿಸಿ ಪಟ್ಟಿ ಬಿಗಿ ಮಾಡಿಸಬೇಕಿತ್ತು. ಆದರೆ ಪೆಟ್ಟು ಬಿದ್ದಿದ್ದು ಆ ಕಡಿದಾದ ಜಾಗದಲ್ಲಿ ಅಲ್ಲ. ಅಲ್ಲಿ ಎಲ್ಲರೂ ನೋಡಿಕೊಂಡೇ ಕಾಲಿಡುತ್ತಾರೆ. ಇಳಿಜಾರು ಮುಗಿದು ಸಪಾಟು ದಾರಿ ಬಂದಿತ್ತು, ತೊಡೆ ಸೋತಿತ್ತು, ಹೆಜ್ಜೆ ಮೇಲೆ ಏಳುತ್ತಿರಲಿಲ್ಲ, ಅವನು ಗಾಳಿಯಂತ್ರ ನೋಡುತ್ತಾ ಮಾತಾಡುತ್ತಾ ಬರುತ್ತಿದ್ದ. ನೆಲದಲ್ಲಿ ಅರ್ಧ ಹೂತ ಕಲ್ಲು, ಎರಡು ಬೆರಳಿನಷ್ಟು ಮೇಲೆ ಕಾಣುತ್ತಿತ್ತು. ಅದಕ್ಕೆ ಎಡವಿದ. ಸಡಿಲ ಕಲ್ಲಾದರೆ ಉರುಳಿ ಹೋಗುತ್ತೆ, ಹೂತ ಕಲ್ಲು ಅಲುಗಲ್ಲ, ಪೂರ್ತಿ ಏಟು ಬೆರಳಿಗೇ. ಉಗುರು ಮುಂದಿನಿಂದ ಎದ್ದು ನಿಂತಿತು.

ಎದ್ದ ಉಗುರನ್ನು ಕೀಳಬೇಡಿ. ನಾವು ಬಾಟಲಿ ನೀರಿನಿಂದ ಮಣ್ಣು ಹೋಗುವಂತೆ ತೊಳೆದೆವು, ಸ್ವಚ್ಛ ಬಟ್ಟೆ ಒತ್ತಿ ಹಿಡಿದು ರಕ್ತ ನಿಲ್ಲಿಸಿದೆವು, ಉಗುರನ್ನು ಇದ್ದ ಜಾಗದಲ್ಲೇ ಕೂರಿಸಿ ಪಟ್ಟಿ ಸುತ್ತಿದೆವು. ಊರಿಗೆ ಬಂದು ಡಾಕ್ಟರ್ ಹತ್ತಿರ ಹೋದಾಗ ಮೊದಲ ಪ್ರಶ್ನೆ ಟಿಟಿ ಇಂಜೆಕ್ಷನ್ ಯಾವಾಗ ಆಗಿತ್ತು ಅಂತ. ಮಣ್ಣು ಹೊಕ್ಕ ಗಾಯಕ್ಕೆ, ಐದು ವರ್ಷ ದಾಟಿದ್ದರೆ ಮತ್ತೆ ಹಾಕುತ್ತಾರೆ.

ಇಂಥ ಇಳಿಜಾರಿಗೆ ಶೂನೇ ಬೇಕು. ಹಾಗಂತ ಯಾವ ಶೂ ಆದ್ರೂ ಆಯ್ತು ಅಂತಲ್ಲ. ಅಳತೆ ತಪ್ಪಿದ ಶೂ ಕೂಡ ಇಳಿಯುವಾಗ ಉಗುರನ್ನು ಕಪ್ಪು ಮಾಡುತ್ತೆ, ಪಾದ ಮುಂದೆ ಜಾರಿ ಪ್ರತಿ ಹೆಜ್ಜೆಗೂ ಬೆರಳು ತುದಿಗೆ ಬಡಿಯುತ್ತೆ. ಪಾದ ಸ್ವಲ್ಪ ಊದಿರುವ ಸಂಜೆ ಹೊತ್ತಿಗೆ ಹೋಗಿ ಕೊಳ್ಳಿ, ಬೆರಳ ಮುಂದೆ ಒಂದು ಹೆಬ್ಬೆರಳಿನಗಲ ಜಾಗ ಇರಲಿ. ಗುಡ್ಡದ ತುದಿಯಲ್ಲಿ ಕೂತು, ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ, ಪಾದದ ಕೀಲಿನ ಹತ್ತಿರ ಲೇಸ್ ಬಿಗಿ ಮಾಡಿ, ಆಮೇಲೆ ಇಳಿಯಿರಿ. ಬೇಸಿಗೆಗೆ ಚರ್ಮದ ಭಾರದ ಬೂಟು ಬೇಡ. ಮೇಲೆ ಜಾಲರಿ ಬಟ್ಟೆ, ಮುಂದೆ ಬೆರಳಿಗೆ ಗಟ್ಟಿ ರಬ್ಬರ್ ಇರುವ ಹಗುರ ಶೂ ಸಾಕು.

ಮುಂದೆ ಮುಚ್ಚಿದ ಸ್ಯಾಂಡಲ್ ತಗೊಂಡ್ರೆ ಎರಡೂ ಸಿಗುತ್ತಲ್ವಾ ಅಂತ ಸುಮಾರು ಜನ ಕೇಳ್ತಾರೆ. ಎಡವಿದರೆ ಬೆರಳು ಉಳಿಯುತ್ತೆ, ನಿಜ. ಆದರೆ ಗರಸಿನಲ್ಲಿ ಹರಳು ಪಕ್ಕದಿಂದ ಒಳಗೆ ಬಂದು ಮುಂದಿನ ಮುಚ್ಚಳದಲ್ಲೇ ಕೂರುತ್ತೆ, ಝಾಡಿಸಿದರೂ ಹೋಗಲ್ಲ, ಕಾಲಿನಿಂದ ಬಿಚ್ಚಲೇಬೇಕು. ನನಗೆ ಅದು ಹಳ್ಳ ದಾಟುವ ದಾರಿಗೆ ಸರಿ, ಕಪ್ಪತಗುಡ್ಡದಂಥ ಜಾಗಕ್ಕೆ ಅಲ್ಲ.

ಇನ್ನು ಜಾಲಿ ಮುಳ್ಳು. ಅದು ಬರುವುದು ಕೆಳಗಿಂದ, ಮೆತ್ತನೆ ಫೋಮ್ ಸೋಲಾದರೆ ಶೂ ಇದ್ರೂ ತೂರಿ ಬರುತ್ತೆ. ಅಡಿಯಲ್ಲಿ ಗಟ್ಟಿ ರಬ್ಬರ್ ಪದರ ಇದೆಯಾ ಅಂತ ಉಗುರಿನಿಂದ ಒತ್ತಿ ನೋಡಿ.

ಸ್ಯಾಂಡಲ್ ನಾನೂ ಬಿಟ್ಟಿಲ್ಲ. ನಮ್ಮ ಹುಬ್ಬಳ್ಳಿಯ ನೃಪತುಂಗ ಬೆಟ್ಟಕ್ಕೆ, ಹೊಲದ ಅಗಲ ಮಣ್ಣುದಾರಿಗೆ ಅದೇ ನನಗಿಷ್ಟ. ಕೊಳ್ಳುವಾಗ ಅಂಗಡಿಯ ಮೆಟ್ಟಿಲ ಮೇಲೆ ಬೆರಳು ಕೆಳಗೆ ಮಾಡಿ ನಿಂತು ನೋಡ್ತೀನಿ. ಹೆಬ್ಬೆರಳ ಮುಂದೆ ಒಂದು ಸೆಂಟಿಮೀಟರ್ ಸೋಲ್ ಉಳಿಯದಿದ್ದರೆ ವಾಪಸ್ ಇಡ್ತೀನಿ.

ಹುಡುಗನ ಹಳೇ ಉಗುರು ಕೆಲವು ವಾರದಲ್ಲಿ ಬಿದ್ದುಹೋಯಿತು. ಕಾಲ ಹೆಬ್ಬೆರಳಿನ ಉಗುರು ಪೂರ್ತಿ ಬರೋಕೆ ವರ್ಷದಿಂದ ಒಂದೂವರೆ ವರ್ಷ ಬೇಕು. ಅವನದ್ದು ಈಗ ಅರ್ಧ ಬಂದಿದೆ.