‘ಬಿಲ್ ಬಗ್ಗೆ ಚರ್ಚಿಸಲಾಯಿತು’ ಎಂದು ಬರೆದರೆ ಅದು ನಡಾವಳಿಯಲ್ಲ

ಹಾಸನದ ಹಾಸ್ಟೆಲ್‌ಗಳಲ್ಲಿ ಮೆಸ್ ಸಮಿತಿಗೆ ಹೊಸದಾಗಿ ಆಯ್ಕೆಯಾಗಿರುವ ವಿದ್ಯಾರ್ಥಿ ಪ್ರತಿನಿಧಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಭೆಯಲ್ಲಿ ಎಷ್ಟೇ ಗಟ್ಟಿಯಾಗಿ ಮಾತಾಡಿ, ನಡಾವಳಿ ಪುಸ್ತಕದಲ್ಲಿ ‘ಮೆನು, ಶುಚಿತ್ವ ಮತ್ತು ಬಿಲ್ ಬಗ್ಗೆ ಚರ್ಚಿಸಲಾಯಿತು, ಸೂಕ್ತ ಕ್ರಮಕ್ಕೆ ಸೂಚಿಸಲಾಯಿತು’ ಎಂದು ಬರೆದು ಸಹಿ ಹಾಕಿದರೆ ಮುಂದಿನ ತಿಂಗಳು ಯಾರನ್ನೂ ಏನೂ ಕೇಳಲು ಬರುವುದಿಲ್ಲ. ಯಾವ ಕ್ರಮ, ಯಾರು ಮಾಡಬೇಕು, ಯಾವ ತಾರೀಖಿನೊಳಗೆ ಎನ್ನುವ ಮೂರೂ ಆ ಸಾಲಿನಲ್ಲಿ ಇಲ್ಲ.

ಮೊದಲು ಬಿಲ್. ತಿಂಗಳ ಖರ್ಚನ್ನು ಉಂಡವರೆಲ್ಲ ಹಂಚಿಕೊಳ್ಳುವ ಡಿವೈಡಿಂಗ್ ಸಿಸ್ಟಮ್ ಇರುವ ಕಡೆ ಲೆಕ್ಕ ಸರಳ. ತಿಂಗಳ ಮೊದಲ ದಿನ ಸ್ಟೋರ್‌ನಲ್ಲಿದ್ದ ಸಾಮಾನಿನ ಬೆಲೆಗೆ ಆ ತಿಂಗಳ ಖರೀದಿ ಸೇರಿಸಿ, ಕೊನೆಯ ದಿನ ಉಳಿದ ಸಾಮಾನಿನ ಬೆಲೆ ಕಳೆಯಬೇಕು. ಅತಿಥಿಗಳ ಕೂಪನ್ ದುಡ್ಡು ಬಂದಿದ್ದರೆ ಅದನ್ನೂ ಕಳೆಯಬೇಕು. ಬಂದದ್ದನ್ನು ಎಲ್ಲರ ಊಟದ ದಿನಗಳ ಮೊತ್ತದಿಂದ ಭಾಗಿಸಿದರೆ ಒಂದು ದಿನದ ದರ ಸಿಗುತ್ತದೆ.

ಒಂದು ಲೆಕ್ಕ ಮಾಡಿಯೇ ನೋಡೋಣ. 120 ವಿದ್ಯಾರ್ಥಿಗಳು, 30 ದಿನದ ತಿಂಗಳು ಎಂದಿಟ್ಟುಕೊಳ್ಳಿ. ಒಟ್ಟು 3,600 ದಿನ. ಊರಿಗೆ ಹೋದವರ ಮೆಸ್ ಆಫ್ 360 ದಿನ ಕಳೆದರೆ 3,240. ಆರಂಭದ ದಾಸ್ತಾನು 62,000 ರೂಪಾಯಿ, ಗ್ಯಾಸ್, ತರಕಾರಿ, ಹಾಲು ಸೇರಿ ಖರೀದಿ 3,10,000, ಕೊನೆಯ ದಾಸ್ತಾನು 48,000. ಖರ್ಚಾದದ್ದು 3,24,000. ದಿನಕ್ಕೆ ಸರಿಯಾಗಿ 100 ರೂಪಾಯಿ. ಪೂರ್ತಿ ತಿಂಗಳು ಉಂಡವರಿಗೆ 3,000.

ಈಗ ಕೊನೆಯ ದಾಸ್ತಾನನ್ನು ಯಾರೂ ತೂಕ ಹಾಕದೆ ಅಂದಾಜಿನಲ್ಲಿ 20,000 ಎಂದು ಬರೆದರು ಎನ್ನೋಣ. ಖರ್ಚು 3,52,000 ಆಗುತ್ತದೆ, ದರ 108 ರೂಪಾಯಿ 64 ಪೈಸೆಗೆ ಏರುತ್ತದೆ. ಅದೇ ಊಟಕ್ಕೆ ಪೂರ್ತಿ ತಿಂಗಳು ಉಂಡ ಒಬ್ಬೊಬ್ಬರಿಗೂ 259 ರೂಪಾಯಿ ಜಾಸ್ತಿ. ಮುಂದಿನ ತಿಂಗಳ ಆರಂಭದ ದಾಸ್ತಾನನ್ನೂ 20,000 ಎಂದೇ ಹಿಡಿದರೆ ಆ ದುಡ್ಡು ಆ ತಿಂಗಳ ಬಿಲ್‌ನಲ್ಲಿ ತಿರುಗಿ ಬರುತ್ತದೆ, ನಡುವೆ ಕೋರ್ಸ್ ಮುಗಿಸಿ ಹೋದವರಿಗೆ ಮಾತ್ರ ಬರುವುದಿಲ್ಲ. ಆದರೆ ಹೊಸ ತಿಂಗಳ ಪುಟದಲ್ಲಿ ಆರಂಭ 48,000 ಎಂದು ಬರೆದಿದ್ದರೆ 28,000 ರೂಪಾಯಿಯ ಸಾಮಾನಿಗೆ ನೀವು ಎರಡು ಸಲ ದುಡ್ಡು ಕೊಟ್ಟಂತೆ. ಅದಕ್ಕೇ ಬಿಲ್ ಕೈಗೆ ಬಂದಾಗ ಎಲ್ಲಕ್ಕಿಂತ ಮೊದಲು ಕಳೆದ ತಿಂಗಳ ಕೊನೆಯ ಅಂಕಿ ಮತ್ತು ಈ ತಿಂಗಳ ಮೊದಲ ಅಂಕಿ ಒಂದೇ ಇದೆಯೇ ನೋಡಿ. ಇದಕ್ಕೆ ವೋಚರ್ ಫೈಲ್ ಕೂಡ ಬೇಡ. ಎರಡು ತಿಂಗಳ ನಡಾವಳಿಯಲ್ಲಿ ಆ ಅಂಕಿಗಳು ಬರೆದಿದ್ದರೆ ಸಾಕು.

ದಾಸ್ತಾನು ತೂಕ ಕೊನೆಯ ದಿನ ರಾತ್ರಿ ಊಟ ಮುಗಿದ ಮೇಲೆ ನಡೆಯಬೇಕು. ಮೆಸ್ ಮ್ಯಾನೇಜರ್ ಜತೆ ಇಬ್ಬರು ಪ್ರತಿನಿಧಿಗಳು ಇರಬೇಕು. ಕಟ್ಟು ಬಿಚ್ಚದ ಮೂಟೆ ಎಣಿಸಿದರೆ ಸಾಕು, ಬಿಚ್ಚಿದ್ದನ್ನು ತಕ್ಕಡಿಗೆ ಹಾಕಿ. ಗ್ಯಾಸ್ ಬಿಟ್ಟುಹೋಗುವುದೇ ಹೆಚ್ಚು. ಹೋಟೆಲ್, ಮೆಸ್‌ಗಳಿಗೆ ಬರುವ ದೊಡ್ಡ ಸಿಲಿಂಡರ್‌ನಲ್ಲಿ 19 ಕೆಜಿ ಗ್ಯಾಸ್ ಇರುತ್ತದೆ, ಖಾಲಿ ಸಿಲಿಂಡರ್‌ನ ತೂಕ ಅದರ ಮೇಲೆಯೇ ನಮೂದಾಗಿರುತ್ತದೆ. ಈಗಿನ ತೂಕದಿಂದ ಅದನ್ನು ಕಳೆದರೆ ಎಷ್ಟು ಉಳಿದಿದೆ ಎಂದು ಗೊತ್ತಾಗುತ್ತದೆ. ಬೆಲೆ ಕಟ್ಟುವುದು ಖರೀದಿ ಬಿಲ್‌ನ ದರದಲ್ಲಿ, ಅಂದಿನ ಪೇಟೆ ದರದಲ್ಲಲ್ಲ.

ಅಡುಗೆಯವರ ಸಂಬಳವನ್ನು ಮೇಲಿನ ಲೆಕ್ಕದಲ್ಲಿ ಸೇರಿಸಿಲ್ಲ, ಬೇಕೆಂದೇ ಬಿಟ್ಟಿದ್ದೇನೆ. ಅದನ್ನು ದಿನದ ಲೆಕ್ಕಕ್ಕೆ ಸೇರಿಸಬಾರದು, ತಲೆಗಿಷ್ಟು ಎಂದು ಹಂಚಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. 90,000 ರೂಪಾಯಿ ಸಂಬಳವನ್ನು 120 ಜನಕ್ಕೆ ಹಂಚಿದರೆ ತಲೆಗೆ 750. ದಿನದ ಲೆಕ್ಕಕ್ಕೆ ಸೇರಿಸಿದಿರಿ, ದಸರಾ ರಜೆಗೆ ಬಹಳ ಜನ ಊರಿಗೆ ಹೋಗಿ ಒಟ್ಟು ದಿನಗಳು 2,400ಕ್ಕೆ ಇಳಿದವು ಎನ್ನಿ. ಆಗ ಸಂಬಳದ ಪಾಲೇ ದಿನಕ್ಕೆ 37 ರೂಪಾಯಿ 50 ಪೈಸೆ. 30 ದಿನ ಉಂಡವರು 1,125 ಕಟ್ಟಬೇಕಾಗುತ್ತದೆ. ಪರೀಕ್ಷೆ ಎಂದು ಹಾಸ್ಟೆಲ್‌ನಲ್ಲೇ ಉಳಿದವರು, ಊರಿಗೆ ಹೋದವರ ಪಾಲನ್ನೂ ಹೊರುವುದು ನ್ಯಾಯವಲ್ಲ.

ಮೆಸ್ ಆಫ್ ನಿಯಮಕ್ಕೆ ನಮ್ಮ ಕಡೆ ಇನ್ನೊಂದು ತೊಡಕಿದೆ. ಮಳೆಗಾಲದಲ್ಲಿ ಮಳೆ ರಜೆ ಘೋಷಣೆಯಾಗುವುದು ಎಷ್ಟೋ ಸಲ ಹಿಂದಿನ ಸಂಜೆ ಅಥವಾ ರಾತ್ರಿ. ಅಷ್ಟು ಹೊತ್ತಿಗೆ ಬೆಳಗಿನ ಇಂಡೆಂಟ್, ಅಂದರೆ ಅಡುಗೆಗೆ ಅಳೆದ ಸಾಮಾನು, ಸ್ಟೋರ್‌ನಿಂದ ಹೊರಬಿದ್ದಿರುತ್ತದೆ. ಸಕಲೇಶಪುರದ ಕಡೆಯವರು ಬೆಳಿಗ್ಗೆ ಎದ್ದು ಬಸ್ ಹತ್ತಿದರೆ ಆ ದಿನದ ದುಡ್ಡು ಬಿಡಬೇಕೇ ಬೇಡವೇ? ‘ಮಳೆ ರಜೆಯಲ್ಲಿ ಮೊದಲ ದಿನ ಲೆಕ್ಕಕ್ಕೆ ಸೇರುತ್ತದೆ, ಎರಡನೇ ದಿನದಿಂದ ಕಡಿತ’ ಎಂಬಂಥ ಒಂದು ಸಾಲನ್ನು ಜೂನ್ ಸಭೆಯಲ್ಲೇ ಬರೆದಿಟ್ಟರೆ ಆಗಸ್ಟ್‌ನಲ್ಲಿ ಜಗಳ ಆಗುವುದಿಲ್ಲ.

ಇನ್ನು ಶುಚಿತ್ವ. ‘ಊಟ ಸರಿಯಿಲ್ಲ’ ಎನ್ನುವುದನ್ನು ದೂರು ಎಂದು ಬರೆದುಕೊಳ್ಳಲೇಬೇಡಿ. ತಾರೀಖು, ಯಾವ ಹೊತ್ತಿನ ಊಟ, ಯಾವ ಪದಾರ್ಥ, ಎಷ್ಟು ಜನಕ್ಕೆ ಏನಾಯಿತು ಎಂದು ಕೇಳಿ ಬರೆಯಿರಿ. ಹಾಗೆ ಬರೆದಾಗ ಕಾರಣ ತಾನಾಗಿ ಕಾಣುತ್ತದೆ. ಬೆಳಿಗ್ಗೆ ಚಿತ್ರಾನ್ನ ತಿಂದ ಆರು ಜನಕ್ಕೆ ಒಂದರಿಂದ ಐದು ಗಂಟೆಯೊಳಗೆ ವಾಂತಿ, ಜ್ವರ ಇಲ್ಲ ಎಂದು ಪುಸ್ತಕದಲ್ಲಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ನೀರಿನದ್ದಲ್ಲ, ಅನ್ನ ಯಾವಾಗಿನದು ಎಂದು. ರಾತ್ರಿ ಉಳಿದ ಅನ್ನವನ್ನು ಡಬರಿಯಲ್ಲೇ ಮುಚ್ಚಿಟ್ಟರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಆ ಬಿಸುಪಿನಲ್ಲಿ ಮೊಳೆತು ವಿಷ ಬಿಡುತ್ತವೆ. ಬೆಳಿಗ್ಗೆ ಒಗ್ಗರಣೆ ಹಾಕಿ ಎಷ್ಟು ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಅನ್ನ ಹಳಸಿದ ವಾಸನೆಯೂ ಬಂದಿರುವುದಿಲ್ಲ, ಆದ್ದರಿಂದ ಭಟ್ಟರ ಮೂಗನ್ನು ನಂಬಿ ಕೂರುವಂತಿಲ್ಲ.

ಇಲ್ಲಿ ನಡಾವಳಿಯ ಸಾಲು ಹೀಗಿರಬೇಕು: ‘ರಾತ್ರಿ ಉಳಿದ ಅನ್ನವನ್ನು ತಿಂಡಿಗೆ ಬಳಸುವಂತಿಲ್ಲ. ಚಿತ್ರಾನ್ನ, ಪುಳಿಯೋಗರೆಗೆ ಬೆಳಿಗ್ಗೆಯೇ ಅನ್ನ ಮಾಡಬೇಕು. ಉಳಿದದ್ದನ್ನು ಪ್ರತಿ ರಾತ್ರಿ ತೂಕ ಮಾಡಿ ಬರೆಯಬೇಕು. ಜವಾಬ್ದಾರಿ: ಮೆಸ್ ಮ್ಯಾನೇಜರ್. ನಾಳೆಯಿಂದಲೇ.’

ಆ ತೂಕದ ಪುಸ್ತಕ ಮೆನುವಿಗೂ ಕೆಲಸಕ್ಕೆ ಬರುತ್ತದೆ. ಒಂದು ಕೆಜಿ ಅಕ್ಕಿಗೆ ಎರಡೂವರೆಯಿಂದ ಮೂರು ಕೆಜಿ ಅನ್ನ. ದಿನಾ ಎಂಟು ಕೆಜಿ ಅನ್ನ ಉಳಿಯುತ್ತಿದ್ದರೆ ಸುಮಾರು ಮೂರು ಕೆಜಿ ಅಕ್ಕಿ ಹೆಚ್ಚಾಗಿ ಇಂಡೆಂಟ್ ಆಗುತ್ತಿದೆ. ಹೆಚ್ಚಾಗಿ ಉಳಿಯುವುದು ವಾರದ ಯಾವ ದಿನ ಎಂದು ನೋಡಿ. ಮುದ್ದೆ ಇರುವ ರಾತ್ರಿಗಳಲ್ಲೂ ಅಕ್ಕಿಯನ್ನು ಎಂದಿನಷ್ಟೇ ಅಳೆದಿರುತ್ತಾರೆ. ಹಾಗಾಗಿ ‘ವಾರಕ್ಕೆ ಮೂರು ರಾತ್ರಿ ಮುದ್ದೆ, ಬಸ್ಸಾರು’ ಎಂದಷ್ಟೇ ನಿರ್ಣಯ ಮಾಡಬೇಡಿ. ತಲೆಗೆ 125 ಗ್ರಾಂ ಹಿಟ್ಟಿನಂತೆ 120 ಜನಕ್ಕೆ 15 ಕೆಜಿ, ಆ ರಾತ್ರಿ ಅಕ್ಕಿ ಎಷ್ಟು ಕಡಿಮೆ ಎನ್ನುವುದನ್ನೂ ಬರೆಯಿರಿ. 15 ಕೆಜಿ ಹಿಟ್ಟನ್ನು ಒಂದೇ ಪಾತ್ರೆಗೆ ಸುರಿದರೆ ಮುದ್ದೆ ಕೋಲು ತಿರುಗುವುದಿಲ್ಲ, ಒಳಗೆ ಹಸಿ ಹಿಟ್ಟಿನ ಗಂಟು ಉಳಿಯುತ್ತದೆ. ‘ಮುದ್ದೆ ಗಂಟುಗಂಟು’ ಎಂಬ ದೂರಿಗೆ ಎಷ್ಟೋ ಕಡೆ ಕಾರಣ ಇದೇ. ಎರಡು ಸಲವಾಗಿ ಮಾಡಿಸಿ.

ನಡಾವಳಿಯನ್ನು ವಿದ್ಯಾರ್ಥಿ ಪ್ರತಿನಿಧಿಯೇ ಸಭೆಯಲ್ಲಿ ಕೂತು ಬರೆಯಬೇಕು, ಏಳುವ ಮುಂಚೆ ಓದಿ ಹೇಳಿ ವಾರ್ಡನ್ ಸರ್ ಸಹಿ ಪಡೆಯಬೇಕು. ‘ಆಮೇಲೆ ಟೈಪ್ ಮಾಡಿ ಕೊಡ್ತೀವಿ’ ಎಂದರೆ ವಿನಯದಿಂದಲೇ ಬೇಡವೆನ್ನಿ. ಟೈಪ್ ಆಗಿ ಬರುವಷ್ಟರಲ್ಲಿ ಮೊದಲು ಬಿಟ್ಟುಹೋಗುವುದು ತಾರೀಖು ಮತ್ತು ಹೆಸರು. ಸಹಿಯಾದ ಪುಟದ ಒಂದು ಜೆರಾಕ್ಸ್ ಊಟದ ಹಾಲ್‌ನ ಬಾಗಿಲಿಗೆ ಅಂಟಲಿ. ಮುಂದಿನ ಸಭೆ ಅದೇ ಪುಟದ ಮೊದಲ ಸಾಲಿನಿಂದ ಶುರುವಾಗಲಿ: ಕೊನೆಯ ದಾಸ್ತಾನು 48,000 ಎಂದು ಬರೆದಿದ್ದೆವು, ಈ ತಿಂಗಳ ಪುಟದಲ್ಲಿ ಎಷ್ಟಿದೆ?